ಕೇಸ್‌ಶೀಟಿನಲ್ಲಿ ಇಲ್ಲದ ನೋವು

ಕದರಮಂಡಲಗಿಯಲ್ಲಿ ಗಾದಿ ಹೊಲಿಯುವ ಇಸಾಕಸಾಬರ ಮಗಳು ಮೆಹಬೂಬಿ ರಾಣೆಬೆನ್ನೂರಿನ ಒಂದು ಖಾಸಗಿ ಆಸ್ಪತ್ರೆಯ ನರ್ಸಿಂಗ್ ಶಾಲೆಗೆ ಸೇರಿ ಆರು ತಿಂಗಳಾಗಿತ್ತು. ೧೯೯೪ರ ಮಾತು. ಹಾಸಿಗೆ ಮಡಚುವುದು, ಜ್ವರ ನೋಡುವುದು, ನಾಡಿ ಎಣಿಸುವುದು ಕೈಗೆ ಹತ್ತಿದ್ದವು. ಹೆಂಗಸರ ವಾರ್ಡಿನಲ್ಲಿ ಈಗ ಒಬ್ಬೊಬ್ಬ ವಿದ್ಯಾರ್ಥಿನಿಗೂ ಒಬ್ಬ ರೋಗಿಯನ್ನು ವಹಿಸಿ, ಆರೈಕೆಯ ಯೋಜನೆ ಬರೆದು ತೋರಿಸಲು ಹೇಳಿದ್ದರು.

ಮೆಹಬೂಬಿಯ ಪಾಲಿಗೆ ಬಂದವಳು ಕುಪ್ಪೇಲೂರಿನ ಜಯವ್ವ. ಇಪ್ಪತ್ತರ ಹುಡುಗಿ, ಚೊಚ್ಚಲ ಹೆರಿಗೆ. ಸೋಮವಾರ ಹೆತ್ತಿದ್ದಳು, ಕೂಸು ಹೊಟ್ಟೆಯಲ್ಲೇ ಸತ್ತಿತ್ತು. ರಕ್ತ ಬಹಳ ಹೋಗಿದ್ದರಿಂದ ಎರಡು ಬಾಟಲಿ ಏರಿಸಿ ಉಳಿಸಿಕೊಂಡಿದ್ದರು. ಹೆರಿಗೆ ವಾರ್ಡಿನಲ್ಲಿ ಜಾಗ ಇರಲಿಲ್ಲ. ಹಾಗಾಗಿ ಮಂಗಳವಾರ ಈ ವಾರ್ಡಿಗೆ ತಂದು, ಗೋಡೆಯ ಪಕ್ಕದ ಮಂಚದಲ್ಲಿ ಮಲಗಿಸಿದ್ದರು.

ಬುಧವಾರ ಮೆಹಬೂಬಿ ಹೋಗಿ ನಿಂತಾಗ ಜಯವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅತ್ತೆ ಭರಮವ್ವ ಮಂಚದ ಕಾಲಿಗೆ ಒರಗಿ ಕೂತಿದ್ದಳು.

"ಏನರ ತ್ರಾಸ ಐತೇನ್ರಿ?" ಎಂದು ಮೆಹಬೂಬಿ ಕೇಳಿದಳು.

"ಏನಿಲ್ಲ ತಗೋ ಯವ್ವಾ," ಎಂದು ಭರಮವ್ವನೇ ಉತ್ತರ ಕೊಟ್ಟಳು. "ಗಟ್ಟಿ ಅದಾಳ. ಒಂದ ಹನಿ ಕಣ್ಣೀರ ಹಾಕಿಲ್ಲ. ಬಾಣಂತಿ ಅತ್ತರ ಕಣ್ಣ ಕೆಡ್ತಾವಂತ ನಾನ ಹೇಳೇನಿ."

ಮೆಹಬೂಬಿಗೂ ಅದು ಸಮಾಧಾನವೆನಿಸಿತು. ಅಳುವವರನ್ನು ಕಂಡರೆ ಅವಳಿಗೆ ಕೈಕಾಲು ಆಡುತ್ತಿರಲಿಲ್ಲ. ಕೇಸ್‌ಶೀಟು ತೆಗೆದು ಡಾಕ್ಟರು ಬರೆದದ್ದನ್ನು ತನ್ನ ಪುಸ್ತಕಕ್ಕೆ ಹಾಗೇ ಇಳಿಸಿಕೊಂಡಳು. 'ರೋಗನಿದಾನ: ಗರ್ಭದಲ್ಲಿ ಶಿಶುಮರಣ, ಸಹಜ ಹೆರಿಗೆ, ರಕ್ತಹೀನತೆ.' ಕೆಳಗೆ ತನ್ನದೊಂದು ಸಾಲು ಸೇರಿಸಿದಳು: 'ರೋಗಿ ಶಾಂತವಾಗಿದ್ದಾಳೆ. ಬೇರೆ ತೊಂದರೆ ಇಲ್ಲ.'

ಗುರುವಾರ ಜ್ವರದ ಕಡ್ಡಿ ತೊಂಬತ್ತೊಂಬತ್ತು ದಾಟಿ ನಿಂತಿತ್ತು. ಬರೆದಿಟ್ಟಳು, ಅಷ್ಟೇ. ಜಯವ್ವ ಸೆರಗನ್ನು ಎದೆಯ ಮೇಲೆ ಎರಡು ಸುತ್ತು ಎಳೆದುಕೊಂಡಿದ್ದನ್ನೂ ನೋಡಿದಳು. ಚಳಿಯಿರಬೇಕು ಅಂದುಕೊಂಡಳು.

ಶುಕ್ರವಾರ ಮುಂಜಾನೆ ಟ್ಯೂಟರ್ ಮರಿಯವ್ವ ವಾರ್ಡಿನಲ್ಲೇ ವಿದ್ಯಾರ್ಥಿನಿಯರ ಪುಸ್ತಕಗಳನ್ನು ನೋಡಲು ಕೂತರು. ಬ್ಯಾಡಗಿ ಕಡೆಯವರು, ಐವತ್ತರ ಹತ್ತಿರ, ಗಟ್ಟಿಯಾಗಿ ಬೈಯುವವರಲ್ಲ. ಮೆಹಬೂಬಿಯ ಪುಟದ ಮೇಲೆ ಕೆಂಪು ಪೆನ್ಸಿಲಿನಿಂದ ಉದ್ದಕ್ಕೂ ಒಂದು ಗೆರೆ ಎಳೆದರು.

"ಇದು ಡಾಕ್ಟರ ಡಯಾಗ್ನೋಸಿಸ್. ನಿಂದೆಲ್ಲೈತಿ?"

"ಅವರ ಬರದದ್ದ ಖರೇ ಅಲ್ಲೇನ್ರಿ ಟೀಚರ್?"

"ಖರೇನ. ಆದ್ರ ಅದು ಅವರದು. ಆ ಮೂಲಿ ಮಂಚದ ಮೈಲವ್ವನ್ನ ನೋಡು. ಡಾಕ್ಟರು ನ್ಯುಮೋನಿಯಾ ಅಂತ ಬರದಾರ. ಅದು ರೋಗದ ಹೆಸರು. ಆ ಹೆಸರು ಇಡೋದು, ಅದಕ್ಕ ಔಷಧ ಬರಿಯೋದು ಅವರ ಕೆಲಸ. ನೀ ಆಕಿ ಬಾಜೂಕ ನಿಂತಾಗ ನಿನಗೇನು ಕಾಣ್ತದ?"

ಮೆಹಬೂಬಿ ನೋಡಿದಳು. "ಕೆಮ್ಮಾಕ ಹೆದರ್ತಾಳ್ರಿ. ಎದಿ ಹಿಡಕೊಂತಾಳ. ಕಫ ಒಳಗ ಗೊರಗೊರ ಅಂತೈತಿ."

"ಅದ ನಿನ್ನ ಡಯಾಗ್ನೋಸಿಸ್. ಕಫ ಹೊರಗ ಬರವಲ್ದು, ಅದು ತೊಂದರಿ. ನೋವಿಗೆ ಹೆದರಿ ಕೆಮ್ಮವಲ್ಲಳು, ಅದು ಕಾರಣ. ಗೊರಗೊರ ಸಪ್ಪಳ, ಅದು ಗುರುತು. ಎಬ್ಬಿಸಿ ಕುಂದ್ರಸು, ದಿಂಬು ಎದಿಗೆ ಅವಚಿ ಹಿಡಿಸಿ ಕೆಮ್ಮೋದು ಕಲಸು. ಇದಕ್ಕ ಡಾಕ್ಟರ ಚೀಟಿ ಬೇಕೇನು?"

"ಬ್ಯಾಡ್ರಿ."

"ಈಗ ಆಕಿ ಆಚಿ ಮಂಚದ ಉಚ್ಚಂಗೆವ್ವ. ಡಾಕ್ಟರಿಗೆ ಆಕಿ ತೊಡಿ ಎಲುಬು ಮುರದಾಕಿ. ಕಾಲಿಗೆ ತೂಕ ಕಟ್ಟ್ಯಾರ, ಹೊಳ್ಳಾಕ ಬರೂದಿಲ್ಲ. ಬೆನ್ನಿಗೆ ಹುಣ್ಣು ಇನ್ನೂ ಆಗಿಲ್ಲ, ಆದ್ರ ಆಗೂ ಸಂಭವ ಐತಿ. ಅದನ್ನೂ ನೀ ಬರೀಬೇಕು. ಆದಮ್ಯಾಲ ಬರದ್ರ ಏನ ಬಂತು? ಡಾಕ್ಟರು ಕೊಟ್ಟ ಹೆಸರು ಎಲುಬು ಕೂಡೂತನಕ ಹಂಗ ಇರ್ತದ. ನಿಂದು ಮುಂಜಾನಿಗೊಂದು ಸಂಜಿಗೊಂದು ಆಗಬಹುದು, ಯಾಕಂದ್ರ ನೀ ಬರಿಯೋದು ರೋಗ ಅಲ್ಲ. ರೋಗ ಬಂದ ಮನಿಷಾ ಹೆಂಗದಾನ ಅನ್ನೋದು." ಕೆಂಪು ಪೆನ್ಸಿಲನ್ನು 'ಶಾಂತವಾಗಿದ್ದಾಳೆ' ಎಂಬ ಸಾಲಿನ ಕೆಳಗೆ ಇಟ್ಟರು. "ಇದನ್ನ ಯಾರು ಹೇಳಿದ್ರು? ಜಯವ್ವ ಹೇಳಿದಳೇನು?"

"ಇಲ್ರಿ. ಅವರ ಅತ್ತಿ."

"ಹೋಗು. ಆಕೀನ್ನ ಕೇಳು. ಕೇಳೋಕಿಂತ ಮೊದಲ ನೋಡು."

ಭರಮವ್ವ ಚಹಾ ತರಲು ಹೊರಗೆ ಹೋಗಿದ್ದಳು. ಮೆಹಬೂಬಿ ಪರದೆ ಎಳೆದು, ಸ್ಟೂಲು ಹಾಕಿಕೊಂಡು ಗೋಡೆಯ ಕಡೆಗೇ ಹೋಗಿ ಕೂತಳು. ಮೂರು ದಿನದಲ್ಲಿ ಮೊದಲ ಸಲ ಜಯವ್ವನ ಮುಖ ನೇರ ಕಂಡಿತು. ತುಟಿ ಒಣಗಿ ಸಿಪ್ಪೆಯೆದ್ದಿತ್ತು. ಹುಳಿ ವಾಸನೆ ಮೂಗಿಗೆ ಬಡಿಯಿತು.

"ಜಯಕ್ಕಾ, ಸೆರಗ ಸ್ವಲ್ಪ ಸರಸ್ಲೇನು?"

ಜಯವ್ವ ಬೇಡವೆನ್ನಲಿಲ್ಲ. ಒಳಗೆ ಕುಪ್ಪಸ ತೊಯ್ದು ಒಣಗಿ, ಮತ್ತೆ ತೊಯ್ದು ಮೈಗೆ ಅಂಟಿತ್ತು. ಎರಡೂ ಮೊಲೆ ಕಲ್ಲಿನಂತೆ ಬಿಗಿದಿದ್ದವು. ಎಡಗಡೆ ಒಂದು ಕಡೆ ಕೆಂಪಗೆ ಬಾವು ಏರಿತ್ತು. ಮುಟ್ಟಿದರೆ ಕಾದ ಹಂಚು. ಜ್ವರದ ಕಡ್ಡಿ ನೂರಾ ಎರಡು ತೋರಿಸಿತು.

"ಯಾಕ ಹೇಳ್ಲಿಲ್ಲ ಯಕ್ಕಾ?"

"ಹೆಂಗ ಹೇಳ್ಲಿ?" ಜಯವ್ವನ ದನಿ ಮುಚ್ಚಿದ ಬಾಗಿಲ ಹಿಂದಿನಿಂದ ಬಂದಂತಿತ್ತು. "ಕೂಸ ಇಲ್ಲದಾಕಿಗೆ ಹಾಲು ಬಂದಾವಂದ್ರ ನಗೂದಿಲ್ಲೇನು ಮಂದಿ? ಬರ್ತಾವಂತ ನಂಗ ಯಾರೂ ಹೇಳಿದ್ದಿಲ್ಲ. ಕೂಸ ಇಲ್ಲ ಅನ್ನೂದು ನಂಗ ಗೊತ್ತೈತಿ ತಂಗಿ. ಹಾಲಿಗೆ ಯಾರ ಹೇಳಬೇಕು?"

ಮೆಹಬೂಬಿ ಓಡಿದಳು. "ಟೀಚರ್, ಎದಿ ಬಾವು ಬಂದೈತ್ರಿ, ಕೀವು ಆಗಾಕತ್ತೈತೋ ಏನೋ, ಏನಂತ ಬರೀಲ್ರಿ?"

"ಬಾವಿಗೆ ಹೆಸರು ಇಡಬ್ಯಾಡ, ಅದು ಡಾಕ್ಟರದು. ಜ್ವರ ಎಷ್ಟು, ಕೆಂಪು ಎಲ್ಲೈತಿ, ಎಂದಿನಿಂದ, ಇಷ್ಟು ಡಾಕ್ಟರಿಗೆ ಹೇಳು. ಲಗೂ ಹೇಳು. ಇದು ನಮ್ಮ ಒಬ್ಬರ ಕೈಯಾಗಿಂದಲ್ಲ."

'ಎಂದಿನಿಂದ' ಎಂಬಲ್ಲಿ ಮೆಹಬೂಬಿಯ ನಾಲಿಗೆ ತೊಡರಿತು. ನಿನ್ನೆಯೇ ಜ್ವರದ ಕಡ್ಡಿ ಹೇಳಿತ್ತು. ಎರಡು ಸುತ್ತು ಎಳೆದ ಸೆರಗು ಹೇಳಿತ್ತು. ಅವಳು 'ತೊಂದರೆ ಇಲ್ಲ' ಎಂದು ಬರೆದು ಸಹಿ ಮಾಡಿದ್ದಳು.

ಡಾಕ್ಟರು ಬಂದು ನೋಡಿ, ಸ್ತನದ ಉರಿಯೂತ ಎಂದು ಬರೆದು, ಮಾತ್ರೆ ಆರಂಭಿಸಿದರು. ಹಾಲನ್ನು ಹಿಂಡಿ ತೆಗೆಯಿರಿ, ಕಟ್ಟಿಕೊಳ್ಳಲು ಬಿಟ್ಟರೆ ಕೀವಾಗುತ್ತದೆ ಎಂದರು. ಅವರ ನಿದಾನ ಒಂದೇ ಸಾಲಿನದು, ಸರಿಯಾದದ್ದು. ಮೆಹಬೂಬಿ ತನ್ನ ಪುಸ್ತಕದಲ್ಲಿ ಹೊಸ ಪುಟ ತೆಗೆದಳು. ಮೊದಲನೆಯದು ಸುಲಭಕ್ಕೆ ಬಂತು: 'ಎದೆಯಲ್ಲಿ ನೋವು; ಹಾಲು ಕಟ್ಟಿ ಬಾವು ಬಂದದ್ದರಿಂದ; ಬಿಗಿತ, ಮುಟ್ಟಗೊಡದಿರುವುದು.' ಎರಡನೆಯದಕ್ಕೆ 'ದುಃಖ' ಎಂದು ಬರೆದು, 'ಕೂಸು ಸತ್ತದ್ದರಿಂದ' ಎಂದಳು. ಗುರುತಿನ ಜಾಗಕ್ಕೆ ಬಂದಾಗ ನಿಂತಳು. ಅತ್ತಿಲ್ಲ. ಹಾಗಾದರೆ ಗುರುತೇನು? 'ಗೋಡೆಯ ಕಡೆ ಮುಖ. ಉಣ್ಣುತ್ತಿಲ್ಲ. ಅಳುವುದಕ್ಕೆ ಬಿಟ್ಟಿಲ್ಲ.' ಮರಿಯವ್ವ ಅದನ್ನು ಓದಿ ಏನೂ ತಿದ್ದಲಿಲ್ಲ.

ಅಂದಿನಿಂದ ಹಾಲು ಹಿಂಡುವ ಕೆಲಸ ಮೆಹಬೂಬಿಯದು. ಮರಿಯವ್ವ ಕೈಯ ಮೇಲೆ ಕೈಯಿಟ್ಟು ತೋರಿಸಿಕೊಟ್ಟರು. ಮೊದಲು ಬೆಚ್ಚಗಿನ ಬಟ್ಟೆ, ಆಮೇಲೆ ಮೆಲ್ಲಗೆ ಹಿಂಡುವುದು, ಮುಗಿದ ಮೇಲೆ ತಣ್ಣನೆಯ ಬಟ್ಟೆ. ಮೊದಲ ಸಲ ಬಟ್ಟಲಲ್ಲಿ ಹಳದಿ ಬೆರೆತ ಹಾಲು ತುಂಬಿದಾಗ ಜಯವ್ವ ಅದನ್ನೇ ನೋಡುತ್ತ ಕೂತಳು.

"ಬಚ್ಚಲಕ್ಕ ಹಾಕಬ್ಯಾಡ ತಂಗಿ."

"ಎಲ್ಲಿ ಹಾಕ್ಲಿ ಯಕ್ಕಾ?"

"ಯಾವುದರ ಗಿಡದ ಬುಡಕ್ಕ."

ಆಸ್ಪತ್ರೆಯ ಹಿಂದೆ ಒಂದು ದಾಸವಾಳದ ಗಿಡವಿತ್ತು. ಮೆಹಬೂಬಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಹೋಗಿ ಅದರ ಬುಡಕ್ಕೆ ಸುರಿದಳು. ಮಣ್ಣು ಅದನ್ನು ಕುಡಿಯುವವರೆಗೆ ನಿಂತಳು. ಅಲ್ಲಿ ಅವಳಿಗೆ ಅಳು ಬಂತು.

ಶನಿವಾರ ಹಿಂಡುವಾಗ ಜಯವ್ವ ತಟ್ಟನೆ ಕೇಳಿದಳು: "ಗಂಡೋ, ಹೆಣ್ಣೋ?"

ಮೆಹಬೂಬಿಯ ಕೈ ನಿಂತಿತು. "ನಿಮಗ ಹೇಳಿಲ್ಲೇನು?"

"ನಂಗ ಎಚ್ಚರಿದ್ದಿಲ್ಲ. ಎದ್ದಾಗ ಎಲ್ಲಾ ಮುಗದಿತ್ತು. ಕೇಳಿದ್ರ ಅತ್ತಿ ಬಾಯಿ ಮುಚ್ಚಸ್ತಾಳ. ನಿನ್ನ ಚೀಟ್ಯಾಗ ಬರದಿರ್ತಾರಲಾ."

ಬರೆದಿತ್ತು. ಹೆಣ್ಣು, ಎರಡು ಕಿಲೋ ಏಳುನೂರು. ಮೆಹಬೂಬಿ ಅದನ್ನು ಬುಧವಾರವೇ ಓದಿದ್ದಳು. ಆದರೆ ತಾನು ಹೇಳಬಹುದೋ ಬಾರದೋ ತಿಳಿಯದೆ ಮರಿಯವ್ವನ ಬಳಿ ಹೋದಳು. ಮರಿಯವ್ವ ಜಯವ್ವನ ಗಂಡ ದುರಗಪ್ಪನನ್ನು ವರಾಂಡದಲ್ಲಿ ಹುಡುಕಿ ಕರೆದರು.

"ನಾನ ಹೇಳಬ್ಯಾಡ್ರಿ ಅಂದಿದ್ದೆ," ಎಂದ ಅವನು, ಪೇಟ ಬಿಚ್ಚಿ ಕೈಯಲ್ಲಿ ಹಿಂಡುತ್ತ. "ಗೊತ್ತಾಗದಿದ್ರ ಲಗೂ ಮರೀತಾಳಂತ."

"ಆಕಿ ಮೈನ ಕೂಸನ್ನ ಮರ್ತಿಲ್ಲ ತಮ್ಮಾ. ನಾವು ಹೇಳೋಕಿಂತ ನೀ ಹೇಳಿದ್ರ ಚಲೋ."

ದುರಗಪ್ಪ ಮಂಚದ ತುದಿಗೆ ಕೂತ. "ಹೆಣ್ಣಿತ್ತು," ಎಂದ. "ತಲಿ ತುಂಬ ಕೂದಲು. ನಿನ್ನಂಗ ಗದ್ದದಾಗ ಕುಣಿ ಇತ್ತು. ನಮ್ಮ ಹೊಲದ ಬದುವಿನ್ಯಾಗ, ಬನ್ನಿಗಿಡದ ಕೆಳಗ ಇಟ್ಟ ಬಂದೇನಿ. ನನ್ನ ಧೋತರದಾಗ ಸುತ್ತಿ."

ಜಯವ್ವ ಬಾಯಿ ತೆರೆದಳು. ಹೊರಬಂದ ಅಳುವಿಗೆ ಇಡೀ ವಾರ್ಡು ಎದ್ದು ಕೂತಿತು. ಭರಮವ್ವ "ಸಾಕ ಸಾಕ, ಕಣ್ಣ ಹೋಗ್ತಾವ" ಎಂದು ಎದ್ದಳು. ಮರಿಯವ್ವ ಅವಳ ಭುಜ ಹಿಡಿದು ಕೂರಿಸಿದರು. "ಅಳ್ಲಿ ಬಿಡ್ರಿ ಯವ್ವಾ. ಕಣ್ಣಿಗೇನೂ ಆಗೂದಿಲ್ಲ." ಸ್ವಲ್ಪ ಹೊತ್ತಿನಲ್ಲಿ ಭರಮವ್ವನೂ ಸೆರಗು ಬಾಯಿಗೆ ಒತ್ತಿಕೊಂಡಳು. ಅವಳಿಗೂ ಅದು ಮೊಮ್ಮಗಳೇ ಆಗಿತ್ತು.

ಮುಂದಿನ ಬುಧವಾರ ಜ್ವರವಿಲ್ಲ, ಬಾವು ಇಳಿದಿದೆ ಎಂದು ಡಾಕ್ಟರು ಮನೆಗೆ ಕಳಿಸಿದರು. 'ಗುಣವಾಗಿದೆ' ಎಂದು ಶೀಟಿನಲ್ಲಿ ಬರೆದರು. ಅವರ ಲೆಕ್ಕಕ್ಕೆ ಅದು ಸುಳ್ಳಲ್ಲ. ಮೆಹಬೂಬಿ ತನ್ನ ಪುಟದಲ್ಲಿ ನೋವಿನ ಎದುರಿಗೆ 'ಗುರಿ ಮುಟ್ಟಿದೆ' ಎಂದೂ, ದುಃಖದ ಎದುರಿಗೆ 'ಮುಟ್ಟಿಲ್ಲ, ಈಗ ಅಳುತ್ತಾಳೆ, ಎರಡು ತುತ್ತು ಉಣ್ಣುತ್ತಾಳೆ' ಎಂದೂ ಬರೆದಳು. ಹತ್ತಕ್ಕೆ ಆರು ಅಂಕ ಬಂತು. ಕಳೆದ ನಾಲ್ಕು ತಾನು ನೋಡಿಯೂ ನೋಡದ ಆ ಎರಡು ದಿನಗಳದ್ದೆಂದು ಅವಳಿಗೆ ಗೊತ್ತಿತ್ತು, ಕೇಳಲು ಹೋಗಲಿಲ್ಲ.

ಮೂರು ವಾರದ ಮೇಲೆ ಜಯವ್ವ ತಪಾಸಣೆಗೆ ಬಂದಳು. ಡಾಕ್ಟರು ನೋಡಿ ಎಲ್ಲ ಸರಿಯಿದೆ ಎಂದರು. ಮಧ್ಯಾಹ್ನದ ಊಟಕ್ಕೆ ಹೊರಟ ಮೆಹಬೂಬಿಗೆ ಅವಳು ಹೊರಗಿನ ಬೆಂಚಿನ ಮೇಲೆ ಒಬ್ಬಳೇ ಕೂತದ್ದು ಕಂಡಿತು. ದುರಗಪ್ಪ ಔಷಧದ ಅಂಗಡಿಗೆ ಹೋಗಿದ್ದ.

"ಆರಾಮದೀರೇನ ಯಕ್ಕಾ? ನೋವು?"

"ಇಲ್ಲ ತಂಗಿ." ಜಯವ್ವ ಎದೆಯ ಮೇಲೆ ಅಂಗೈ ಇಟ್ಟುಕೊಂಡಳು. "ಹಾಲು ಬತ್ತ್ಯಾವು. ನಿನ್ನೆ ಹಿಂಡಿ ನೋಡಿದೆ, ಒಂದ ಹನೀನೂ ಬರಲಿಲ್ಲ. ಅದೊಂದ ನನ್ನ ಕೂಸಿಂದು ಅಂತ ಇತ್ತು."

ಊಟದ ಗಂಟೆ ಹೊಡೆಯಿತು. ಮೆಹಬೂಬಿ ಊಟಕ್ಕೆ ಹೋಗದೆ ಬೆಂಚಿನ ಮೇಲೆ ಒತ್ತಿ ಕೂತು ಜಯವ್ವನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ದುರಗಪ್ಪ ಬಂದು ಇಬ್ಬರನ್ನೂ ನೋಡಿ, ಕುಪ್ಪೇಲೂರಿನ ಬಸ್ಸು ಹೊರಟಿದೆ ಎನ್ನದೆ, ಸ್ವಲ್ಪ ದೂರದಲ್ಲಿ ಕಟ್ಟೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತ.