ಫಾರಂ ಹದಿನಾರರ ಒಂದು ಸಾಲು

ಆದಾಯ ತೆರಿಗೆ ರಿಟರ್ನ್ ಸಲ್ಲಿಸಲು ಐದೇ ದಿನ ಉಳಿದಿತ್ತು. ಚಿದಾನಂದ್ ಪ್ರತಿ ವರ್ಷ ತಾನೇ ಕೂತು ಮುಗಿಸುತ್ತಿದ್ದವನು. ಈ ಸಲ ಮಾತ್ರ ಜೂನ್‌ನಿಂದಲೂ "ಮಾಡೋಣ ಬಿಡು" ಎನ್ನುತ್ತಲೇ ಇದ್ದ. ಸಾಕಾಗಿ ಹೆಂಡತಿ ಶಾಂತಾದೇವಿ ಅವನಿಗೆ ಹೇಳದೆ ಅವನ ಕಂಪನಿ ಕೊಟ್ಟ ಸಂಬಳ-ತೆರಿಗೆ ಲೆಕ್ಕದ ಪತ್ರ, ಫಾರಂ ಹದಿನಾರರ ಪ್ರಿಂಟನ್ನು ಬೀರುವಿನಿಂದ ತೆಗೆದುಕೊಂಡು, ಕೋಣನಕುಂಟೆಯಿಂದ ಬಸ್ಸು ಹಿಡಿದು ಜಯನಗರಕ್ಕೆ ಬಂದಳು. ಪಕ್ಕದ ಮನೆಯವರು ಹೇಳಿದ್ದ ಟ್ಯಾಕ್ಸ್ ಕನ್ಸಲ್ಟೆಂಟ್ ಸುರಭಿಯ ಆಫೀಸು ಒಂದು ಔಷಧಿ ಅಂಗಡಿಯ ಮೇಲಿತ್ತು.

ಸುರಭಿ ಕಾಗದ ಬಿಡಿಸಿದಳು. "ಮೊದಲನೇ ಭಾಗ ನೋಡಿ ಮೇಡಂ. ಕಂಪನಿ ಎಷ್ಟು ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟಿದೆ ಅಂತ. ಹತ್ತೊಂಬತ್ತು ಸಾವಿರದ ಇನ್ನೂರ ನಲವತ್ತು. ಎರಡನೇ ಭಾಗದಲ್ಲಿ ಆ ಲೆಕ್ಕ ಹೇಗೆ ಬಂತು ಅಂತ ಇರತ್ತೆ."

"ನಂಗೂ ಹೇಳಿಕೊಡಿ. ಇನ್ಮೇಲೆ ನಾನೇ ನೋಡ್ಕೋಬಹುದು," ಎಂದಳು ಶಾಂತಾದೇವಿ.

ಸುರಭಿ ಪೆನ್ಸಿಲ್ಲಿನ ತುದಿ ಇಟ್ಟು ತೋರಿಸಿದಳು. ವರ್ಷದ ಸಂಬಳ ಒಂಬತ್ತು ಲಕ್ಷದ ಅರವತ್ತು ಸಾವಿರ. "ಬಾಡಿಗೆ ವರ್ಷಕ್ಕೆ ಒಂದು ಲಕ್ಷದ ಎಂಬತ್ತು ಸಾವಿರ ಕಟ್ತೀರ. ಅದ್ರಲ್ಲಿ ಬೇಸಿಕ್ ಸಂಬಳದ ಹತ್ತು ಪರ್ಸೆಂಟು, ನಲವತ್ತೆಂಟು ಸಾವಿರ ಕಳೀಬೇಕು. ಉಳಿದ ಒಂದು ಲಕ್ಷದ ಮೂವತ್ತೆರಡು ಸಾವಿರಕ್ಕೆ ವಿನಾಯಿತಿ. ಎಚ್‌ಆರ್‌ಎ ಅಂತ ಕಂಪನಿ ಕೊಟ್ಟಿರೋ ಬಾಡಿಗೆ ಭತ್ಯೆ ಜಾಸ್ತಿ ಇದೆ, ಆದ್ರೆ ಕಮ್ಮಿ ಯಾವುದೋ ಅಷ್ಟೇ ಸಿಗೋದು." ಅದಾದ ಮೇಲೆ ಸ್ಟ್ಯಾಂಡರ್ಡ್ ಡಿಡಕ್ಷನ್ ಐವತ್ತು ಸಾವಿರ, ವೃತ್ತಿ ತೆರಿಗೆ ಎರಡು ಸಾವಿರದ ನಾನೂರು. ಪಿಎಫ್, ಎಲ್‌ಐಸಿ ಸೇರಿ ಒಂದೂವರೆ ಲಕ್ಷ. ಆರೋಗ್ಯ ವಿಮೆಯ ಕಂತು ಇಪ್ಪತ್ತು ಸಾವಿರದ ಆರುನೂರು.

ಅದರ ಕೆಳಗಿನ ಸಾಲಿಗೆ ಬಂದು ಪೆನ್ಸಿಲ್ ನಿಂತಿತು.

"ಸಾರ್‌ಗೆ ಏನಾದ್ರೂ ತೊಂದ್ರೆ ಇದೆಯಾ ಮೇಡಂ?"

"ಏನ್ ತೊಂದ್ರೆ?"

"ಇಲ್ಲಿ ಏಯ್ಟಿ ಯು ಅಂತ ಎಪ್ಪತ್ತೈದು ಸಾವಿರ ಕಳೆದಿದ್ದಾರೆ. ಸಂಬಳ ತಗೊಳ್ಳೋರಿಗೇ ಅಂಗವೈಕಲ್ಯ ಇದ್ರೆ, ನಲವತ್ತು ಪರ್ಸೆಂಟೋ ಅದಕ್ಕಿಂತ ಜಾಸ್ತಿನೋ ಇದ್ರೆ, ಸಿಗೋದು."

ಶಾಂತಾದೇವಿ ನಕ್ಕಳು. "ಅವರಿಗೆ ಕೈಕಾಲೆಲ್ಲಾ ಚೆನ್ನಾಗೇ ಇದೆ. ತಪ್ಪಾಗಿ ಬಿದ್ದಿರ್ಬೇಕು, ತೆಗೆದ್ಬಿಡಿ."

"ಸರ್ಕಾರಿ ಆಸ್ಪತ್ರೆ ಸರ್ಟಿಫಿಕೇಟ್ ನೋಡದೆ ಆಫೀಸ್‌ನವರು ಹಾಕಲ್ಲ ಮೇಡಂ. ಇದು ಇರೋದ್ರಿಂದ್ಲೇ ಐದು ಲಕ್ಷದ ಮೂವತ್ತು ಸಾವಿರಕ್ಕೆ ಮಾತ್ರ ತೆರಿಗೆ ಬಿದ್ದಿದೆ. ತೆಗೆದ್ರೆ ಇನ್ನೂ ಹದಿನೈದು ಸಾವಿರದ ಆರುನೂರು ಕಟ್ಬೇಕು." ಸುರಭಿ ದನಿ ತಗ್ಗಿಸಿದಳು. "ರಿಟರ್ನ್‌ನಲ್ಲಿ ಅದರ ವಿವರ ತುಂಬ್ಬೇಕು. ಅಂಗವೈಕಲ್ಯದ ಕಾರ್ಡಿನ ನಂಬರ್ ಇದ್ರೆ ಅದೂ ಬೇಕು. ಅವರನ್ನೇ ಒಂದ್ಸಲ ಕೇಳಿ. ನಾನು ಬೇರೇನೂ ಹೇಳೋಕಾಗಲ್ಲ."

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಎರಡು ವರ್ಷದ ಹಿಂದೆ ಟ್ರಾಫಿಕ್ ಕಾಟ ಎಂದು ಚಿದಾನಂದ್ ಸ್ಕೂಟರ್ ಮಾರಿದ್ದು ನೆನಪಾಯಿತು. ಮದುವೆ ಮನೆಯೊಂದರಲ್ಲಿ ಪಕ್ಕದಲ್ಲೇ ನಿಂತಿದ್ದ ಅವಳ ಅಣ್ಣನನ್ನು ಮಾತಾಡಿಸದೆ ಹೋಗಿದ್ದ. ಆ ಸೊಕ್ಕಿಗೆ ಅವಳು ವಾರವಿಡೀ ಮುನಿಸಿಕೊಂಡಿದ್ದಳು.

ಸಂಜೆ ಅವನು ಬಂದು ಚಪ್ಪಲಿ ಬಿಡುತ್ತಿದ್ದ ಹಾಗೆಯೇ ಕೇಳಿದಳು. "ರೀ, ಏಯ್ಟಿ ಯು ಅಂದ್ರೇನು?"

ಚಿದಾನಂದ್ ಗೋಡೆಗೆ ಕೈ ಊರಿದ.

"ಕಣ್ಣು," ಎಂದ. "ಎದುರಿಗಿರೋದು ಕಾಣತ್ತೆ. ಅಕ್ಕಪಕ್ಕ ಕಾಣಲ್ಲ. ದಿನಾ ಸ್ವಲ್ಪ ಸ್ವಲ್ಪ ಮುಚ್ಕೊಂಡು ಬರ್ತಿದೆ. ಈಗ ಕಂಪ್ಯೂಟರಲ್ಲಿ ಸಣ್ಣ ಅಕ್ಷರಾನೂ ಕಷ್ಟ."

"ಆಪರೇಷನ್?"

"ಇಲ್ಲ. ಔಷಧೀನೂ ಇಲ್ವಂತೆ. ಮೂರು ಕಡೆ ತೋರಿಸ್ದೆ."

"ಆಫೀಸ್‌ಗೆ ಹೇಳಿದ್ರಿ. ನನಗ್ಯಾಕೆ ಹೇಳ್ಲಿಲ್ಲ?"

"ಅಲ್ಲಿ ಒಂದು ಕಾಗದ ಕೊಟ್ರೆ ಸಾಕಾಗಿತ್ತು, ಶಾಂತಾ. ನಿನಗೆ ಹೇಳಿದ್ರೆ ನೀನೇನು ಮಾಡ್ತಿದ್ದೆ?"

ಬೈಯಬೇಕು ಎಂದುಕೊಂಡೇ ಕಾದಿದ್ದವಳು ಒಳಗೆ ಹೋಗಿ ಒಲೆ ಹಚ್ಚಿದಳು, ಏನಿಡಬೇಕೆಂದು ತೋಚದೆ ಆರಿಸಿದಳು.

ಮರುದಿನ ಅವನು ರಜೆ ಹಾಕಿದ. ಇಬ್ಬರೂ ಸುರಭಿಯ ಆಫೀಸಿಗೆ ಹೋದರು. ಮೆಟ್ಟಿಲು ಹತ್ತುವಾಗ ಅವಳು ಅವನ ತೋಳು ಹಿಡಿದಳು. ಅವನು ಬಿಡಿಸಿಕೊಳ್ಳಲಿಲ್ಲ. ಪರ್ಸಿನಿಂದ ಹಳದಿ ಕಾರ್ಡು ತೆಗೆದುಕೊಟ್ಟ. ಅದರಲ್ಲಿದ್ದ ನಂಬರನ್ನು ಶಾಂತಾದೇವಿಯೇ ಒಂದೊಂದಾಗಿ ಓದಿ ಹೇಳಿದಳು. ಒಂದು ಕಡೆ ನಿಲ್ಲಿಸಿ ಮೊದಲಿನಿಂದ ಓದಿದಳು, ಸುರಭಿ ಕೀಬೋರ್ಡಿನ ಮೇಲೆ ಬೆರಳಿಟ್ಟುಕೊಂಡು ಕಾದಳು.

"ಆಯ್ತು ಸಾರ್. ಕಂಪನಿ ಹಿಡಿದಿರೋದಕ್ಕೂ ಕಟ್ಬೇಕಾದ ತೆರಿಗೆಗೂ ಸರಿಯಾಗಿದೆ. ನೀವು ಕಟ್ಟೋದೂ ಇಲ್ಲ, ನಿಮಗೆ ವಾಪಸ್ ಬರೋದೂ ಇಲ್ಲ."

ರಿಟರ್ನ್ ದೃಢಪಡಿಸಲು ಬೇಕಾದ ಒಟಿಪಿ ಚಿದಾನಂದನ ಫೋನಿಗೆ ಬಂತು. ಪರದೆಯನ್ನು ಮುಖದ ಹತ್ತಿರ ತಂದು, ಮತ್ತೆ ದೂರ ಹಿಡಿದು, ಕೊನೆಗೆ ಅದನ್ನು ಹೆಂಡತಿಯ ಕಡೆ ಚಾಚಿದ.