ತಟ್ಟೆ ಓದುವುದು

ಗಿಡ್ಡಿಗೆ ತಟ್ಟೆ ಓದುವುದನ್ನು ಕಲಿಸಿದವಳು ಅಕ್ಕ. ಒಡಹುಟ್ಟಿದವಳಲ್ಲ; ಕ್ರೀಡಾ ಹಾಸ್ಟೆಲ್ಲಿನಲ್ಲಿ ಒಂದೇ ಕೋಣೆಯವಳು, ಎರಡು ವರ್ಷ ಹಿರಿಯಳು, ಇವಳಂತೆಯೇ ಕುಸ್ತಿಯವಳು. ಈ ಸಲ ಐವತ್ತೈದು ಕಿಲೋ ವಿಭಾಗಕ್ಕೆ ಹೆಸರು ಕೊಟ್ಟವರು ಇವರಿಬ್ಬರೇ. ತಂಡದಲ್ಲಿ ಇದ್ದದ್ದು ಒಂದೇ ಜಾಗ. ಆಯ್ಕೆಯ ದಿನ ಮೊದಲು ತೂಕ, ಆಮೇಲೆ ಕುಸ್ತಿ. ಐವತ್ತೈದರ ಮೇಲೆ ಐವತ್ತು ಗ್ರಾಂ ಇದ್ದರೂ ಚಾಪೆ ಹತ್ತುವಂತಿಲ್ಲ.

ಸಂಜೆಯ ಅಭ್ಯಾಸ ಮುಗಿಯುವಷ್ಟರಲ್ಲಿ ಹಾಸ್ಟೆಲ್ಲಿನ ಅಡುಗೆಮನೆಗೆ ಬೀಗ ಬಿದ್ದಿರುತ್ತಿತ್ತು. ಊಟಕ್ಕೆ ಗೇಟಿನೆದುರಿನ ಫ್ರೈಡ್ ರೈಸ್, ನೂಡಲ್ಸ್ ಗಾಡಿಯೇ ಗತಿ. ಅಲ್ಲಿ ಅಕ್ಕ, ತಟ್ಟೆ ನೋಡಿಯೇ ಕ್ಯಾಲೊರಿ ಲೆಕ್ಕಹಾಕುವ ಪಾಠ ಶುರುಮಾಡಿದಳು. ತಟ್ಟೆ ಒಂದು ಗೇಣಾದರೆ ಅರ್ಧ ಪ್ಲೇಟು, ಗೇಣಿನ ಮೇಲೆ ನಾಲ್ಕು ಬೆರಳಾದರೆ ಪೂರ್ತಿ. ರಾಶಿ ಅಂಚು ದಾಟಿದೆಯೇ ನೋಡು. ಆಮೇಲೆ ದೀಪದ ಕೆಳಗೆ ತಟ್ಟೆ ಓರೆಮಾಡು. ಮಿರಮಿರ ಹೊಳೆದರೆ, ತಿಂದ ಮೇಲೆ ತಟ್ಟೆಗೆ ಜಿಡ್ಡು ಹತ್ತಿದರೆ, ಎರಡು ಚಮಚ ಎಣ್ಣೆ ಹೆಚ್ಚಿಗೆ ಬರೆದುಕೋ. ಒಂದು ದೊಡ್ಡ ಚಮಚಕ್ಕೆ ನೂರಿಪ್ಪತ್ತು ಕ್ಯಾಲೊರಿ.

ಫ್ರೈಡ್ ರೈಸ್ ಹೊಳೆಯುತ್ತಿತ್ತು. ನೂಡಲ್ಸ್ ಸೋಯಾ ಸಾಸಿನ ಬಣ್ಣ ಹೀರಿಕೊಂಡು ಮಂಕಾಗಿ ಒಣಗಿದಂತಿತ್ತು.

"ನೂಡಲ್ಸೇ ತಗೋ ನೀನು," ಎಂದಿದ್ದಳು ಅಕ್ಕ. "ಪೂರ್ತಿ ಪ್ಲೇಟಿಗೆ ನಾನೂರೈವತ್ತು ಅಂತ ಬರ್ಕೋ."

ತಾನು ಮಾತ್ರ ದಿನವೂ ಅರ್ಧ ಪ್ಲೇಟು ಫ್ರೈಡ್ ರೈಸ್ ತಿನ್ನುತ್ತಿದ್ದಳು. ನೂಡಲ್ಸ್ ನೋಡಿದರೆ ಎರೆಹುಳ ನೆನಪಾಗುತ್ತದೆ ಎಂದಿದ್ದಳು. ಗಿಡ್ಡಿ ನಕ್ಕಿದ್ದಳು.

ಮೂರು ವಾರ ಗಿಡ್ಡಿ ಪುಸ್ತಕದಲ್ಲಿ ನಾನೂರೈವತ್ತು ಬರೆದಳು. ಬೆಳಗಿನ ಗಂಜಿಯನ್ನು ಚಮಚದಲ್ಲಿ ಅಳೆದು ತಿಂದಳು. ಲೆಕ್ಕದ ಪ್ರಕಾರ ಒಂದು ಕಿಲೋದ ಮೇಲೆ ಇಳಿಯಬೇಕಿತ್ತು. ತೂಕದ ಮುಳ್ಳು ಐವತ್ತಾರರ ಹತ್ತಿರ ಕೂತದ್ದು ಕೆಳಗಿಳಿಯಲೇ ಇಲ್ಲ. ರಾತ್ರಿಯ ಊಟ ಬಿಡಲೇ ಎಂದು ಕೇಳಿದಾಗ ಅಕ್ಕ ಬೈದಳು. ಲೆಕ್ಕ ಸರಿಯಿದೆ, ಮೈಯಲ್ಲಿ ನೀರು ನಿಂತಿದೆ, ಕೊನೆಯೆರಡು ದಿನ ಬೆವರಿಳಿಸಿದರೆ ಹೋಗುತ್ತದೆ, ಈಗ ಹಸಿದರೆ ಕುಸ್ತಿಗೆ ಬಲವಿರುವುದಿಲ್ಲ ಎಂದಳು. ಬೈದದ್ದು ಪ್ರೀತಿಯಿಂದ ಎಂದೇ ಗಿಡ್ಡಿ ತಿಳಿದಳು.

ಆಯ್ಕೆಯ ಬೆಳಗ್ಗೆ, ಎರಡು ದಿನ ನೀರು ಬಿಟ್ಟು ತುಟಿ ಒಡೆದಿದ್ದರೂ, ತೂಕದ ಯಂತ್ರ ಐವತ್ತೈದು ಕಿಲೋ ಆರುನೂರು ಗ್ರಾಂ ತೋರಿಸಿತು. ಅರ್ಧ ಗಂಟೆ ಕಾಲಾವಕಾಶ. ಎರಡು ಸ್ವೆಟರ್ ಹಾಕಿಕೊಂಡು ಮೈದಾನ ಸುತ್ತಿದಳು. ಬೆವರಲು ಒಳಗೆ ಏನೂ ಉಳಿದಿರಲಿಲ್ಲ. ಐವತ್ತೈದು ಮುನ್ನೂರಕ್ಕೆ ಹೊತ್ತು ಮುಗಿಯಿತು. ಅಕ್ಕ ಐವತ್ನಾಲ್ಕು ಒಂಬೈನೂರು ತೂಗಿದಳು, ಎದುರಾಳಿಯಿಲ್ಲದೆ ಆಯ್ಕೆಯಾದಳು.

ಮಧ್ಯಾಹ್ನ ಗಿಡ್ಡಿ ಸುಮ್ಮನೆ ಗೇಟಿನ ಹೊರಗೆ ಬಂದು ನಿಂತಳು. ಗಾಡಿಯಣ್ಣ ಸಂಜೆಯ ವ್ಯಾಪಾರಕ್ಕೆ ಅಣಿಮಾಡುತ್ತಿದ್ದ. ಬೆಂದ ನೂಡಲ್ಸನ್ನು ಜಾಲರಿಗೆ ಬಸಿದು ಅಗಲವಾದ ತಟ್ಟೆಗೆ ಸುರಿದ. ಆಮೇಲೆ ಡಬ್ಬಿಯಿಂದ ಸೌಟು ಸೌಟು ಎಣ್ಣೆ ಹಾಕಿ ಎರಡೂ ಕೈಯಲ್ಲಿ ಕಲಸಿದ.

ಅದೇಕೆ ಎಂದು ಗಿಡ್ಡಿ ಕೇಳಿದಳು.

"ಹಾಕ್ದಿದ್ರೆ ಮುದ್ದೆ ಆಗತ್ತಮ್ಮ. ಸಂಜೆಯೊಳಗೆ ಎಲ್ಲಾ ಕುಡ್ಕೊಂಡ್ಬಿಡತ್ತೆ, ಕಣ್ಣಿಗೇ ಕಾಣಲ್ಲ. ಹುರಿಯುವಾಗ ಬೇರೆ ಹಾಕ್ಬೇಕು."

"ಅನ್ನಕ್ಕೂ?"

"ಅನ್ನಕ್ಯಾಕೆ? ಆರಿದ್ರೆ ತಾನೇ ಬಿಡಿಬಿಡಿ ಆಗತ್ತೆ. ಬಾಣಲೆಗೆ ಹಾಕಿದ್ದಷ್ಟೇ, ಅದು ಎದ್ದು ಕಾಣತ್ತೆ. ನಿಮ್ಮಕ್ಕಂಗೆ ಗೊತ್ತಲ್ಲ. ಹೋದ ತಿಂಗಳು ಇಲ್ಲೇ ನಿಂತು ಒಂದು ಪ್ಲೇಟು ನೂಡಲ್ಸಿಗೆ ಎಷ್ಟು ಎಣ್ಣೆ ಅಂತ ಕೇಳಿದ್ಲು. ಮೊದಲೇ ಎರಡು ಚಮಚ ಸೇರಿರತ್ತೆ ಅಂದೆ. ಅವತ್ತಿಂದ ಅನ್ನಾನೇ ಅವಳು."

ನಾನೂರೈವತ್ತಲ್ಲ, ಏಳುನೂರು. ದಿನಕ್ಕೆ ಇನ್ನೂರೈವತ್ತರಂತೆ ಮೂರು ವಾರ. ಯಂತ್ರ ತೋರಿಸಿದ ಆರುನೂರು ಗ್ರಾಂ ಎಲ್ಲಿಂದ ಬಂತೆಂದು ಕೂಡಿಸಲು ಗಿಡ್ಡಿಗೆ ಪುಸ್ತಕ ಬೇಕಾಗಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದಂತೆ ತನ್ನನ್ನು ತೆಗೆದುಹಾಕಿದ್ದಳು ಅಕ್ಕ.

ಕೋಣೆಯಲ್ಲಿ ಅಕ್ಕ ಬಟ್ಟೆ ಮಡಚುತ್ತಿದ್ದಳು. ಗಿಡ್ಡಿ ಗಾಡಿಯಣ್ಣ ಹೇಳಿದ್ದನ್ನೆಲ್ಲ ಹೇಳಿದಳು. ಅಕ್ಕ ಅಲ್ಲಗಳೆಯಲಿಲ್ಲ.

"ಚಾಪೆ ಮೇಲೆ ನಿನ್ನ ಕೈಲಿ ಸೋಲ್ತಿದ್ದೆ ಕಣೆ," ಎಂದಳು. "ಆರು ತಿಂಗಳಿಂದ ನೀನೇ ಬೀಳಿಸ್ತಿದ್ದೀಯ ನನ್ನ. ಇದು ನನ್ನ ಕೊನೇ ವರ್ಷ."

"ನನ್ನನ್ನೇ ಕೇಳಿದ್ದಿದ್ರೆ..."

"ಬಿಟ್ಕೊಡ್ತಿದ್ಯಾ?"

ಬಿಟ್ಟುಕೊಡುತ್ತಿರಲಿಲ್ಲ. ಅದು ಗಿಡ್ಡಿಗೂ ಗೊತ್ತಿತ್ತು. ಆದರೆ ಎಣ್ಣೆಯ ವಿಷಯ ತನಗೆ ಗೊತ್ತಾಗಿದ್ದರೆ ಅದೇ ಸಂಜೆ ಓಡಿಬಂದು ಅಕ್ಕನಿಗೆ ಹೇಳುತ್ತಿದ್ದಳು. ಅದೂ ಗೊತ್ತಿತ್ತು.

ತರಬೇತುದಾರರಿಗೆ ದೂರು ಹೇಳಲು ಏನೂ ಇರಲಿಲ್ಲ. ತಪ್ಪು ಲೆಕ್ಕ ಕಲಿಸಬಾರದೆಂದು ಯಾವ ನಿಯಮದಲ್ಲೂ ಬರೆದಿಲ್ಲ. ಗಿಡ್ಡಿ ತನ್ನ ಹಾಸಿಗೆ ಸುತ್ತಿ ಹೆಗಲಿಗೇರಿಸಿ, ಬೇರೆ ಕೋಣೆ ಕೇಳಲು ವಾರ್ಡನ್ ಬಳಿ ಹೋದಳು.