ಕುಗ್ಗುವ ಉಂಗುರ

ಆ ಒಡವೆ ಅಂಗಡಿಗೆ ಬಂದವರು ಏನನ್ನೂ ಕೊಳ್ಳದೆ ಹೋಗಬಹುದಿತ್ತು. ಆದರೆ ಅಂಗಡಿಯಮ್ಮನ ಕೈಲಿ ಬೈಸಿಕೊಳ್ಳದೆ ಹೋಗುವಂತಿರಲಿಲ್ಲ. ಗಂಡ ಬೆಸುಗೆ ಹಾಕುತ್ತಿದ್ದ ಕಾಲದಿಂದಲೂ ಅವಳು ಗಾಜಿನ ಪೆಟ್ಟಿಗೆಯ ಹಿಂದೆ ಕುಳಿತವಳು. ಗಂಡ ತೀರಿಕೊಂಡ ಮೇಲೆ ಒಳಗಿನ ಕೆಲಸದ ಮೇಜಿಗೆ ಮಗಳು ಬಂದಳು. ಮುಂದಿನ ಕುರ್ಚಿಯನ್ನು ಮಾತ್ರ ಅಂಗಡಿಯಮ್ಮ ಯಮನಿಗೂ ಬಿಟ್ಟುಕೊಡುವವಳಲ್ಲ.

ಸರ ಮಂಕಾಗಿದೆ ಎಂದು ಯಾರಾದರೂ ತಂದರೆ ಮುಗಿಯಿತು. ಅದನ್ನು ಮೂಗಿನ ಹತ್ತಿರ ಹಿಡಿದು, ನಿಮ್ಮ ಸರಕ್ಕೆ ನಿಮಗಿಂತ ಜಾಸ್ತಿ ಸೆಂಟು ಬಿದ್ದಿದೆಯಲ್ಲಾ ಎನ್ನುತ್ತಿದ್ದಳು. ಸೆಂಟು, ಕ್ರೀಮು, ತಲೆಗೆ ಹೊಡೆದುಕೊಳ್ಳುವ ಸ್ಪ್ರೇ ಎಲ್ಲ ಆಗಿ, ಮೈಮೇಲೆ ಆರಿದ ಬಳಿಕ ಒಡವೆ ಹಾಕಿಕೊಳ್ಳಬೇಕು. ಮನೆಗೆ ಬಂದೊಡನೆ ಎಲ್ಲಕ್ಕಿಂತ ಮೊದಲು ಒಡವೆ ತೆಗೆಯಬೇಕು. ಸ್ನಾನಕ್ಕೂ ತೆಗೆಯಬೇಕು, ಇಲ್ಲದಿದ್ದರೆ ಸೋಪು ಕಲ್ಲಿನ ಕೆಳಗೆ ಹಾಲಿನ ಕೆನೆಯ ಹಾಗೆ ಕಟ್ಟಿ ಕೂತು ಹೊಳಪನ್ನೆಲ್ಲ ನುಂಗಿಬಿಡುತ್ತದೆ. ಭಾರ ಎತ್ತುವ ಕಸರತ್ತಿಗೆ ಉಂಗುರ ಹಾಕಿಕೊಂಡು ಹೋದ ಒಬ್ಬರ ಉಂಗುರ ಕಬ್ಬಿಣದ ಹಿಡಿಗೆ ಒತ್ತಿ ಬಾಳೆಹಣ್ಣಿನ ಆಕಾರಕ್ಕೆ ಬಂತಂತೆ. ಅವಳ ಬಾಯಲ್ಲಿ ಅದು ಹೇಳಿದ ಸಲಕ್ಕೊಂದು ಆಕಾರಕ್ಕೆ ಬರುತ್ತಿತ್ತು.

ಈಜುಕೊಳದ ವಿಷಯ ಬಂದರಂತೂ ಎದ್ದೇ ನಿಲ್ಲುತ್ತಿದ್ದಳು. ನೀರಿಗೆ ಹಾಕುವ ಕ್ಲೋರಿನ್ ಚಿನ್ನವನ್ನು ಬಿಟ್ಟರೂ ಅದರ ಜೊತೆ ಬೆರೆತ ತಾಮ್ರ, ಸತುವನ್ನು ಬಿಡುವುದಿಲ್ಲ. ಬೆಸುಗೆಯ ಜಾಗದಲ್ಲಿ ಬೆರಕೆ ಹೆಚ್ಚು, ಹಾಗಾಗಿ ಮೊದಲ ತುತ್ತು ಅಲ್ಲಿಗೇ. ಬೆಳ್ಳಿಯನ್ನು ಇಳಿಸಿದರೆ ಬಾಣಲೆಯ ತಳದ ಬಣ್ಣಕ್ಕೆ ತಿರುಗುತ್ತದೆ. ಹೀಗೆ ಅವಳು ಊರಿನ ಅರ್ಧ ಬೆರಳುಗಳನ್ನು ಬರಿದು ಮಾಡಿಸಿ ನೀರಿಗೆ ಇಳಿಸಿದ್ದಳು.

ತನ್ನ ಬೆರಳೊಂದನ್ನು ಬಿಟ್ಟು.

ಆ ಬೆರಳಲ್ಲಿದ್ದದ್ದು ಗಂಡ ಮದುವೆಗೆ ಮುಂಚೆ ತನ್ನ ಕೈಯಾರೆ ಮಾಡಿದ ಉಂಗುರ. ಮಗಳು ಹುಟ್ಟಿದ ಮೇಲೆ ಅದು ಬಿಗಿಯಾಯಿತು. ದಪ್ಪಗಾಗಿದ್ದೀಯೆ ಎನ್ನುವ ಧೈರ್ಯ ಅವನಿಗೆಲ್ಲಿಂದ ಬರಬೇಕು? ಉಂಗುರವನ್ನು ಮೆಲ್ಲಗೆ ಬಿಡಿಸಿಕೊಂಡು, ಬೆಳಕಿಗೆ ಹಿಡಿದು, ಕಾಯಿಲೆ ಕಂಡ ಡಾಕ್ಟರ ಹಾಗೆ ತಲೆಯಾಡಿಸಿ, "ಉಂಗುರ ಕುಗ್ಗಿದೆ ಕಣೇ" ಎಂದಿದ್ದ. ಕತ್ತರಿಸಿ, ಚಿನ್ನದ ಚೂರು ಸೇರಿಸಿ, ಬೆಸುಗೆ ಹಾಕಿ ಮತ್ತೆ ತೊಡಿಸಿದ. ಮುಂದೆ ಇನ್ನೊಂದು ಸಲವೂ ಉಂಗುರ ಕುಗ್ಗಿತು. ಒಡವೆ ಮಾರುವ ಹೆಂಗಸಿಗೆ ಚಿನ್ನ ಕುಗ್ಗುವುದಿಲ್ಲವೆಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಹೌದಾ, ಚಳಿಗೇನೋ, ಎಂದು ಬೆರಳು ಚಾಚುತ್ತಿದ್ದಳು. ಅವನ ಕೈ ಬಿಟ್ಟು ಬೇರೆ ಯಾವ ಕೈಯೂ ಆ ಉಂಗುರವನ್ನು ತೆಗೆದದ್ದಿಲ್ಲ. ಅವನಿಲ್ಲದ ಮೇಲೆ ಅವಳೂ ತೆಗೆಯಲಿಲ್ಲ.

ಅಷ್ಟರಲ್ಲಿ ಮಂಡಿ ಕೈಕೊಟ್ಟಿತು. ಡಾಕ್ಟರು ಈಜುಕೊಳದ ನೀರಿನಲ್ಲಿ ನಿಂತು ಮಾಡುವ ಕಸರತ್ತಿಗೆ ಸೇರಿಸಿದರು. ಮೊದಲ ದಿನ ಆನೆಯನ್ನು ಬಾವಿಗೆ ಇಳಿಸಿದ ಹಾಗೆ ಇಳಿದ ಅಂಗಡಿಯಮ್ಮನಿಗೆ ಆಮೇಲೆ ಅದೇ ರುಚಿ ಹತ್ತಿತು. ಕಸರತ್ತು ಮುಗಿದ ಮೇಲೆ ಪಕ್ಕದ ಬಿಸಿನೀರಿನ ತೊಟ್ಟಿಯಲ್ಲಿ ಕುತ್ತಿಗೆವರೆಗೂ ಮುಳುಗಿ, ಜೊತೆಯವರ ಸೊಸೆಯಂದಿರ ಸುದ್ದಿಯೆಲ್ಲ ಮುಗಿಯುವ ತನಕ ಏಳುತ್ತಿರಲಿಲ್ಲ. ನೀರು ಬಿಸಿಯಾದಷ್ಟೂ ಕ್ಲೋರಿನ್ನಿನ ಹಲ್ಲು ಚೂಪು ಎಂದು ಗಿರಾಕಿಗಳಿಗೆ ಹೇಳುತ್ತಿದ್ದವಳೂ ಇವಳೇ. ಮಗಳು ಕೇಳಿದಾಗಲೆಲ್ಲ ಉಂಗುರ ತೆಗೆದೇ ಇಳಿಯುವುದು ಎಂದು ಕಣ್ಣು ಮಿಟುಕಿಸದೆ ಸುಳ್ಳು ಹೇಳುತ್ತಿದ್ದಳು.

ಚಳಿಗಾಲ ಕಳೆಯುವ ಹೊತ್ತಿಗೆ ಮಂಡಿ ಹಗುರವಾಯಿತು, ಮೈಯೂ ಇಳಿಯಿತು. ಒಂದು ಬೆಳಿಗ್ಗೆ ಕೊಳದ ಮೆಟ್ಟಿಲ ಕಂಬಿ ಹಿಡಿದು ಹತ್ತುವಾಗ ಬೆರಳಲ್ಲಿ ಏನೋ ಟಕ್ ಎಂದಿತು. ನೋಡಿದರೆ ಉಂಗುರ ಬೆಸುಗೆಯ ಹತ್ತಿರ ಬಾಯಿ ಬಿಟ್ಟಿತ್ತು. ಅಂಗಡಿಯಮ್ಮನ ಎದೆಯೇ ಬಾಯಿ ಬಿಟ್ಟ ಹಾಗಾಯಿತು. ಮುಷ್ಟಿ ಬಿಗಿಹಿಡಿದು ಮನೆಗೆ ಬಂದವಳು, ಉಂಗುರದ ಮೇಲೆಯೇ ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೂತಳು. ಈಳಿಗೆ ತಾಗಿತು ಎಂದಳು ಮಗಳಿಗೆ.

ಅವಳನ್ನು ಹೆದರಿಸಿದ್ದು ಮಗಳ ಬೈಗುಳವಲ್ಲ. ಬೆಸುಗೆ ಕೊಳೆತ ಉಂಗುರ ಬಂದರೆ ಮಗಳು ಏನು ಹೇಳುತ್ತಾಳೆಂದು ದಿನಾ ಕೇಳಿದವಳು ಅವಳು: ಕರಗಿಸಿ ಹೊಸದಾಗಿ ಎರೆಯುವುದೇ ಗಟ್ಟಿ. ಕರಗಿಸಿದರೆ ಚಿನ್ನ ಉಳಿಯುತ್ತದೆ. ಅವನ ಕೈಕೆಲಸ ಎಲ್ಲಿ ಉಳಿಯುತ್ತದೆ?

ಗುಟ್ಟು ಹೆಚ್ಚು ದಿನ ನಿಲ್ಲಲಿಲ್ಲ. ಹೊಸ ಉಂಗುರ ಕೊಂಡ ಮದುಮಗಳೊಬ್ಬಳು, ಇದನ್ನು ಹಾಕಿಕೊಂಡೇ ಈಜಬಹುದಾ ಎಂದು ಕೇಳಿದಳು. ಒಳಗಿದ್ದ ಮಗಳು ಅಮ್ಮನ ಹರಿಕಥೆ ಶುರುವಾಗಲಿ ಎಂದು ಕಾದಳು. ಸದ್ದಿಲ್ಲ. ಬಗ್ಗಿ ನೋಡಿದರೆ ಅಮ್ಮ ಬಟ್ಟೆ ಸುತ್ತಿದ ಬೆರಳನ್ನು ಮಡಿಲಲ್ಲಿ ಮುಚ್ಚಿಕೊಂಡು ತಕ್ಕಡಿ ಒರೆಸುತ್ತಿದ್ದಾಳೆ. ಮಗಳೇ ಹೊರಬಂದು, ಈಜುವ ಮುಂಚೆ ತೆಗೆದಿಡಿ, ತಣ್ಣೀರಿಗೆ ಬೆರಳು ಸಣ್ಣಗಾಗಿ ಜಾರಿಯೂ ಹೋದೀತು ಎಂದು ಹೇಳಿ ಕಳಿಸಿದಳು. ಆಮೇಲೆ ಅಮ್ಮನ ಮುಂದೆ ಮಣೆ ಎಳೆದುಕೊಂಡು ಕೂತಳು.

"ಅಮ್ಮಾ, ಬೆರಳು ಕೊಡು."

"ಗಾಯ ಕಣೇ, ಮುಟ್ಟಬೇಡ."

"ಗಾಯ ಯಾರಿಗಾಗಿದೆ ಅಂತ ನೋಡ್ತೀನಿ."

ಬಟ್ಟೆ ಬಿಚ್ಚಿತು. ಮಗಳು ಕಣ್ಣಿಗೆ ಭೂತಗನ್ನಡಿ ಇಟ್ಟು ಬಹಳ ಹೊತ್ತು ನೋಡಿದಳು. ಅಪ್ಪ ಸೇರಿಸಿದ ಚೂರುಗಳ ಎರಡೂ ಬದಿಯ ಬೆಸುಗೆ ಒಣಗಿದ ಕೆರೆಯ ಹಾಗೆ ಬಿರುಕು ಬಿಟ್ಟಿತ್ತು. ಅಮ್ಮ ಎಷ್ಟೋ ವರ್ಷಗಳಿಂದ ಬಾಯಲ್ಲಿ ಹೇಳಿದ್ದನ್ನೆಲ್ಲ ಉಂಗುರ ಒಂದೇ ಚಳಿಗಾಲದಲ್ಲಿ ಮಾಡಿ ತೋರಿಸಿತ್ತು.

"ಊರಿಗೆಲ್ಲಾ ಬುದ್ಧಿ ಹೇಳ್ತೀಯ, ನೀನ್ಯಾಕಮ್ಮಾ ತೆಗೀಲಿಲ್ಲ?"

ಅಂಗಡಿಯಮ್ಮ ಜೀವನದಲ್ಲಿ ಮೊದಲ ಸಲ ಸಣ್ಣ ದನಿಯಲ್ಲಿ ಮಾತಾಡಿದಳು. "ನಿಮ್ಮಪ್ಪನೇ ತೆಗೀತಿದ್ದಿದ್ದು. ನಂಗೆ ತೆಗೆದು ಅಭ್ಯಾಸ ಇಲ್ಲ. ಕರಗಿಸಬೇಡ ಕಣೇ. ಮುರಿದಿದ್ದೇ ಇರಲಿ, ಡಬ್ಬೀಲಿ ಇಟ್ಕೋತೀನಿ."

ಮಗಳು ಅಮ್ಮನ ಬೆರಳನ್ನು ತಿರುಗಿಸಿದಳು. ಉಂಗುರ ಎಳೆಯದೆಯೇ ಜಾರಿ ಅಂಗೈಗೆ ಬಿತ್ತು. ಅವಳು ಅಮ್ಮನ ಬೆರಳಿಗೆ ಅಳತೆಯ ಉಂಗುರಗಳನ್ನು ಒಂದೊಂದಾಗಿ ಹಾಕಿ ನೋಡಿ, ಒಳಗೆ ಹೋದಳು. ಅಂಗಡಿಯಮ್ಮ ಮುಂದೆ ಕೂತು, ಗರಗಸದ ಕಿರ್ ಕಿರ್ ಎಂಬ ಸದ್ದಿಗೆ ತನ್ನ ಬೆನ್ನೆಲುಬನ್ನೇ ಕೊಯ್ಯುತ್ತಿದ್ದಾರೆ ಎನ್ನುವಂತೆ ಮುಖ ಕಿವಿಚಿದಳು.

ಮಗಳು ಕೊಳೆತ ಬೆಸುಗೆಯ ಜೊತೆ ಆ ಎರಡು ಚೂರುಗಳನ್ನೂ ತೆಗೆದುಹಾಕಿದ್ದಳು. ಉಳಿದದ್ದು ಅಪ್ಪ ಮೊದಲು ಮಾಡಿದ್ದಷ್ಟೇ. ಅದರ ಎರಡು ತುದಿಗಳನ್ನು ಕೂಡಿಸಿ, ಚಿನ್ನ ಹೆಚ್ಚಿರುವ ಬೆಸುಗೆ ಹಾಕಿ, ಒರೆಸಿ ತಂದು ಅಮ್ಮನ ಬೆರಳಿಗೆ ತೊಡಿಸಿದಳು. ಹೇಳಿ ಮಾಡಿಸಿದ ಹಾಗೆ ಕೂತಿತು. ಕೊಳ ಕೆಡಿಸಿದ್ದನ್ನು ಕೊಳವೇ ಬೆರಳು ಸಣ್ಣ ಮಾಡಿ ಸರಿ ಮಾಡಿಕೊಟ್ಟಿತ್ತು.

ಅಂಗಡಿಯಮ್ಮ ಬೆರಳನ್ನು ದೂರ ಹಿಡಿದಳು, ಹತ್ತಿರ ಹಿಡಿದಳು. "ಏನಾಗಿತ್ತೇ ಇದಕ್ಕೆ?"

ಮಗಳು ಥೇಟ್ ಅಪ್ಪನ ಹಾಗೆ ತಲೆಯಾಡಿಸಿದಳು. "ಉಂಗುರ ಹಿಗ್ಗಿತ್ತು ಕಣಮ್ಮಾ."

"ಹೌದಾ," ಎಂದಳು ಅಂಗಡಿಯಮ್ಮ, ಕಣ್ಣೊರೆಸಿಕೊಳ್ಳುತ್ತ. "ಬಿಸಿನೀರಿಗೇನೋ."

ಮರುದಿನ ಕೊಳಕ್ಕೆ ಹೊರಟವಳು ಬಾಗಿಲ ತನಕ ಹೋಗಿ ಹಿಂದಿರುಗಿದಳು. ಕೆಲಸದ ಮೇಜಿನ ಮುಂದೆ ನಿಂತು, ಮಗಳು ತಲೆ ಎತ್ತುವ ತನಕ ಕಾದು, ಬೆರಳು ಚಾಚಿದಳು.